ರೀಲು ಎತ್ತ ಉರುಳುತ್ತದೆ? ಮೊದಲು ದಾರದ ಗೆರೆ ನೋಡಿ

ಪ್ರಶ್ನೆ: ದಾರ ಕೆಳಗಿನಿಂದ ಬಿಡುವ ಹಾಗೆ ರೀಲನ್ನು ಮೇಜಿನ ಮೇಲಿಟ್ಟು ದಾರವನ್ನು ನನ್ನ ಕಡೆಗೆ ಎಳೀತೀನಿ. ದಾರ ತಗ್ಗಾಗಿದ್ದರೆ ರೀಲು ನನ್ನ ಕಡೆಗೆ ಬರುತ್ತೆ, ಒಂದು ಕೋನಕ್ಕಿಂತ ಮೇಲೆ ಎತ್ತಿದರೆ ದೂರ ಹೋಗುತ್ತೆ. ನನ್ನ ದಾರದ ರೀಲಿನ ನಡುವಿನ ದಿಂಡು 0.8 ಸೆಂ.ಮೀ. ತ್ರಿಜ್ಯ, ಬದಿಯ ಬಿಲ್ಲೆ 2 ಸೆಂ.ಮೀ. ಆ ಕೋನಕ್ಕೆ ಸೂತ್ರ ಹಾಕಿದರೆ 66 ಡಿಗ್ರಿ ಬರುತ್ತೆ. ಆದರೆ 45 ಡಿಗ್ರಿಗೇ ರೀಲು ನನ್ನಿಂದ ದೂರ ಹೋಗುತ್ತೆ. ಟ್ಯೂಷನ್ ಸರ್ ಹೇಳ್ತಾರೆ, ಯಾವ ರೀಲಾದರೂ 45 ಡಿಗ್ರಿಯಲ್ಲೇ ದಿಕ್ಕು ಬದಲಾಗೋದು ಅಂತ. ಸೂತ್ರ ತಪ್ಪಾ?

ಸೂತ್ರ ಸರಿ ಇದೆ. ನಿಮ್ಮ ಅಳತೆ ತಪ್ಪು. ನಿಮ್ಮ ಸರ್ ಹೇಳಿದ್ದೂ ತಪ್ಪು.

ನಿಮ್ಮ ಅಳತೆ ಮೊದಲು ನೋಡೋಣ. ಈ ಒಂದೇ ತಪ್ಪನ್ನು ವರ್ಷಕ್ಕೆ ಎಷ್ಟು ಸಲ ತಿದ್ದುತ್ತೇನೋ ಲೆಕ್ಕವಿಲ್ಲ. `cos θ = r/R` ಅಂತ ಬರೆದಾಗ `θ` ಅಂದರೆ ರೀಲಿನ ದಿಕ್ಕು ಬದಲಾಗುವ ಗಡಿಯಲ್ಲಿ ದಾರಕ್ಕೂ ಮೇಜಿಗೂ ನಡುವಿನ ಕೋನ. `R` ಅಂದರೆ ಮೇಜಿನ ಮೇಲೆ ಉರುಳುವ ಬಿಲ್ಲೆಯ ತ್ರಿಜ್ಯ. `r` ಅಂದರೆ ದಿಂಡಿನ ತ್ರಿಜ್ಯ ಅಲ್ಲ. ದಾರ ಎಲ್ಲಿಂದ ಬಿಟ್ಟು ಹೊರಗೆ ಬರುತ್ತದೋ ಅಲ್ಲಿಯ ತ್ರಿಜ್ಯ. ನಿಮ್ಮ ರೀಲಿನಲ್ಲಿ ದಾರ ತುಂಬಿದೆ ಅಲ್ವಾ? ಹಾಗಿದ್ದರೆ ದಾರ ಬಿಡುವುದು ಸುತ್ತಿದ ದಾರದ ಹೊರಮೈಯಿಂದ. ಅದನ್ನು ಅಳೆಯಿರಿ. 1.5 ಸೆಂ.ಮೀ. ಇದ್ದರೆ `r/R` 0.75 ಆಯಿತು, ಕೋನ ಸುಮಾರು 41 ಡಿಗ್ರಿ. ನೀವು 45ಕ್ಕೆ ಎತ್ತಿದಿರಿ, ಅದು ಆಗಲೇ ಗಡಿ ದಾಟಿತ್ತು. ರೀಲು ಹಿಂದಕ್ಕೆ ಹೋಗದೆ ಇನ್ನೇನು ಮಾಡಬೇಕು?

ದಾರ ಬಿಚ್ಚುತ್ತಾ ಹೋದ ಹಾಗೆ ಈ ಗಡಿ ಮೇಲೇರುತ್ತದೆ. ಸುತ್ತು 1.2 ಸೆಂ.ಮೀ.ಗೆ ಇಳಿದಾಗ 53 ಡಿಗ್ರಿ. 1 ಸೆಂ.ಮೀ. ಆದಾಗ 60. ದಾರವೆಲ್ಲ ಖಾಲಿಯಾಗಿ ಬರೀ ದಿಂಡು ಉಳಿಯುವ ಹೊತ್ತಿಗೆ ನೀವು ಹೇಳಿದ 66. ಒಂದೇ ರೀಲು, ಒಂದೇ ಮೇಜು, ಆದರೂ ಕೋನ ಬೇರೆ ಬೇರೆ. ಹಾಗಾಗಿ ‘ಎಲ್ಲ ರೀಲಿಗೂ 45’ ಎನ್ನುವ ಮಾತಿಗೆ ಅರ್ಥವೇ ಇಲ್ಲ. ಅಡ್ಡ ಎಳೆತ, ಮೇಲಿನ ಎಳೆತ ಎರಡೂ 45ರಲ್ಲಿ ಸಮ, ಆಮೇಲೆ ಮೇಲಿನದು ಗೆಲ್ಲುತ್ತದೆ ಅಂತ ವಿವರಿಸುತ್ತಾರೆ. ಮೇಲಿನ ಎಳೆತ ರೀಲನ್ನು ಹಿಂದಕ್ಕೆ ಹೇಗೆ ತಳ್ಳೀತು ಅಂತ ಒಬ್ಬರೂ ಹೇಳುವುದಿಲ್ಲ. ಸುತ್ತು 1.4 ಸೆಂ.ಮೀ. ಇದ್ದು ಬಿಲ್ಲೆ 2 ಸೆಂ.ಮೀ. ಇದ್ದರೆ ಮಾತ್ರ ಗಡಿ 45ರ ಹತ್ತಿರ ಬೀಳುತ್ತದೆ. ಅದು ಆ ರೀಲಿನ ಅಳತೆಯಿಂದ ಬಂದದ್ದು, ಬೇರೆ ರೀಲಿಗೆ ಅನ್ವಯಿಸದು.

ಈಗ ಕಾರಣ. ರೀಲು ಜಾರದೆ ಉರುಳುವಾಗ ಮೇಜನ್ನು ಮುಟ್ಟುವ ಬಿಂದು ಆ ಕ್ಷಣಕ್ಕೆ ನಿಂತಿರುತ್ತದೆ. ಇಡೀ ರೀಲು ಆ ಬಿಂದುವಿನ ಸುತ್ತ ವಾಲುತ್ತದೆ ಅಂದುಕೊಳ್ಳಿ. ರೀಲಿನ ತೂಕ ನೇರ ಆ ಬಿಂದುವಿನ ಮೇಲೇ ಬೀಳುತ್ತದೆ. ಮೇಜಿನ ಒತ್ತು, ಘರ್ಷಣೆ ಎರಡೂ ಅಲ್ಲೇ. ಆದ್ದರಿಂದ ಈ ಮೂರಕ್ಕೂ ಅದರ ಸುತ್ತ ತಿರುಗಿಸುವ ಶಕ್ತಿ ಇಲ್ಲ. ಉಳಿದದ್ದು ದಾರ ಒಂದೇ. ದಾರದ ಗೆರೆಯನ್ನು ಸ್ಕೇಲ್ ಇಟ್ಟು ಮೇಜಿನವರೆಗೆ ಹಿಂದಕ್ಕೆ ಎಳೆದು ನೋಡಿ. ಅದು ಮುಟ್ಟುಬಿಂದುವಿನ ಆಚೆ, ಅಂದರೆ ನಿಮ್ಮಿಂದ ದೂರದ ಬದಿಯಲ್ಲಿ ಮೇಜನ್ನು ಸೇರಿದರೆ ರೀಲು ನಿಮ್ಮ ಕಡೆಗೆ ಬರುತ್ತದೆ. ಈಚೆ ಬದಿಯಲ್ಲಿ ಸೇರಿದರೆ ದೂರ ಹೋಗುತ್ತದೆ. ಸರಿಯಾಗಿ ಬಿಂದುವಿನ ಮೇಲೇ ಬಿದ್ದರೆ ತಿರುಗಿಸುವ ಬಲವೇ ಇಲ್ಲ, ರೀಲು ಉರುಳುವುದಿಲ್ಲ. `cos θ = r/R` ಹೇಳುವುದು ಈ ಕೊನೆಯ ಸ್ಥಿತಿಯನ್ನೇ.

ಜನರಿಗೆ ನಿಜವಾಗಿ ಕಾಡುವುದು ಇನ್ನೊಂದು ಸಂಗತಿ. ದಾರ ಸ್ವಲ್ಪವಾದರೂ ನಿಮ್ಮ ಕಡೆಗೇ ಎಳೆಯುತ್ತಿದೆ. ಹಾಗಿದ್ದೂ ರೀಲು ದೂರ ಹೋಗುತ್ತದೆ. ಅದನ್ನು ತಳ್ಳಿದ್ದು ಯಾರು? ಮೇಜು. ದಾರ ರೀಲನ್ನು ಗಿರ್ರನೆ ತಿರುಗಿಸಲು ನೋಡುತ್ತದೆ. ಆಗ ಬಿಲ್ಲೆಯ ತಳ ನಿಮ್ಮ ಕಡೆಗೆ ಜಾರಲು ಹೊರಡುತ್ತದೆ. ಮೇಜು ಅದನ್ನು ತಡೆದು ಹಿಂದಕ್ಕೆ ಒತ್ತುತ್ತದೆ. ಆ ಒತ್ತು ದಾರದ ಅಡ್ಡ ಎಳೆತಕ್ಕಿಂತ ಜಾಸ್ತಿಯಾದಾಗ ರೀಲು ಹಿಂದಕ್ಕೆ. ಅನುಮಾನ ಇದ್ದರೆ ಗಾಜಿನ ಮೇಲೆ ಸೋಪು ನೀರು ಹಚ್ಚಿ ಅದೇ ಕೋನದಲ್ಲಿ ಎಳೆಯಿರಿ. ಹಿಡಿತ ತಪ್ಪಿದ ರೀಲು ಇದ್ದಲ್ಲೇ ಸುತ್ತುತ್ತಾ ನಿಧಾನವಾಗಿ ನಿಮ್ಮ ಕಡೆಗೇ ಜಾರಿ ಬರುತ್ತದೆ. ಘರ್ಷಣೆ ಅಂದರೆ ಬರೀ ಅಡ್ಡಿ ಅಂದುಕೊಂಡವರಿಗೆ ನಾನು ಇದನ್ನೇ ತೋರಿಸುವುದು.

ಕೋನ ಅಳೆಯಲು ಕೈಯಲ್ಲಿ ಎಳೆಯಬೇಡಿ. ಕೈ ನಡುಗುತ್ತದೆ, ರೀಲು ಹತ್ತಿರ ಬಂದ ಹಾಗೆ ಕೋನವೂ ಬದಲಾಗುತ್ತದೆ. ಹೀಗೆ ಮಾಡಿ. ಮೇಜಿನಿಂದ 30 ಸೆಂ.ಮೀ. ಎತ್ತರದಲ್ಲಿ ಹಗುರವಾಗಿ ತಿರುಗುವ ಒಂದು ಸಣ್ಣ ಪುಲ್ಲಿ ಕಟ್ಟಿ. ರೀಲಿನ ದಾರವನ್ನು ಅದರ ಮೇಲೆ ಹಾಯಿಸಿ ತುದಿಗೆ ಸಣ್ಣ ತೂಕ ತೂಗುಬಿಡಿ. ರೀಲು 100 ಗ್ರಾಂ ಇದ್ದರೆ 20 ಗ್ರಾಂ ಸಾಕು. ಈಗ ರೀಲನ್ನು ಪುಲ್ಲಿಗೆ ಹತ್ತಿರ ಇಟ್ಟು ಬಿಡಿ. ಅಲ್ಲಿ ದಾರ ತುಂಬಾ ಕಡಿದಾಗಿದೆ, ರೀಲು ದೂರ ಸರಿಯುತ್ತದೆ. ಸರಿದಷ್ಟೂ ದಾರ ಓರೆಯಾಗಿ ಕೋನ ಇಳಿಯುತ್ತದೆ. ದೂರ ಇಟ್ಟು ಬಿಟ್ಟರೆ ಹತ್ತಿರ ಬರುತ್ತದೆ, ಕೋನ ಏರುತ್ತದೆ. ಎರಡು ಕಡೆಯಿಂದಲೂ ಅದು ಗಡಿಯ ಕೋನದತ್ತಲೇ ಹೊರಟು, ಅಲ್ಲಿ ಹಿಂದೆ ಮುಂದೆ ಸ್ವಲ್ಪ ತೂಗಾಡಿ ನಿಲ್ಲುತ್ತದೆ. ನೀವು ಹುಡುಕಬೇಕಾಗಿಲ್ಲ, ರೀಲೇ ಆ ಜಾಗ ಹುಡುಕಿಕೊಡುತ್ತದೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ನಿಂತಾಗ ಕೋನಮಾಪಕವೂ ಬೇಡ. ದಾರದ ಗೆರೆ ಮುಟ್ಟುಬಿಂದುವಿನ ಮೂಲಕವೇ ಹೋಗುತ್ತದಲ್ಲ, ಆ ಬಿಂದುವಿನಿಂದ ಪುಲ್ಲಿಯ ನೇರ ಕೆಳಗಿನ ಜಾಗಕ್ಕೆ ಎಷ್ಟು ದೂರ ಅಂತ ಅಳೆಯಿರಿ. ನಿಮ್ಮ ತುಂಬಿದ ರೀಲಿಗೆ ಸುಮಾರು 34 ಸೆಂ.ಮೀ. ಬರಬೇಕು, ಖಾಲಿ ದಿಂಡಿಗೆ ಸುಮಾರು 13. ಎರಡು ಎಚ್ಚರಿಕೆ ಇವೆ. ರೀಲು ನಿಖರ ಜಾಗಕ್ಕಿಂತ ತುಸು ಮೊದಲೇ ನಿಂತುಬಿಡಬಹುದು, ಏಕೆಂದರೆ ಮೇಜಿನ ಮೈ ಅದನ್ನು ಸ್ವಲ್ಪ ಹಿಡಿಯುತ್ತದೆ. ಆದ್ದರಿಂದ ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ಬಿಟ್ಟು ಎರಡರ ನಡುವಿನ ಬೆಲೆ ತೆಗೆದುಕೊಳ್ಳಿ. ಇನ್ನೊಂದು, ದಾರ ರೀಲಿನ ನಡುಮಧ್ಯದಿಂದ ಬಿಡಬೇಕು. ಒಂದು ಬದಿಯಿಂದ ಬಿಟ್ಟರೆ ರೀಲು ಸೊಟ್ಟ ತಿರುಗಿ ಅಳತೆಯೆಲ್ಲ ಹಾಳು.

ತೂಕ ಜಾಸ್ತಿ ಹಾಕಿದರೆ ಏನಾಗುತ್ತದೆ? ಗಡಿಯ ಕೋನದಲ್ಲಿ ರೀಲು ಎಷ್ಟು ಎಳೆದರೂ ಅಲ್ಲಾಡುವುದಿಲ್ಲ ಅಂತ ಕೆಲವರು ಬರೆಯುತ್ತಾರೆ. ಸುಳ್ಳು. ಉರುಳುವುದಿಲ್ಲ, ಆದರೆ ಜಾರುತ್ತದೆ. 100 ಗ್ರಾಂ ರೀಲು, ಘರ್ಷಣೆಯ ಗುಣಾಂಕ 0.3, ಗಡಿಯ ಕೋನ 60 ಡಿಗ್ರಿ ಅಂತ ಇಟ್ಟುಕೊಳ್ಳಿ. ದಾರದ ಎಳೆತ ಸುಮಾರು 39 ಗ್ರಾಂ ತೂಕದಷ್ಟು ಆದಾಗ ರೀಲು ಸುತ್ತದೆ ಹಾಗೇ ನಿಮ್ಮ ಕಡೆಗೆ ಜಾರಿಬರುತ್ತದೆ. ಮೇಲಕ್ಕೆ ಎಳೆಯುವಾಗ ಮೇಜಿನ ಮೇಲಿನ ಭಾರವೂ ಕಡಿಮೆಯಾಗುತ್ತದೆ, ಹಾಗಾಗಿ ಹಿಡಿತ ನೀವು ಎಣಿಸಿದ್ದಕ್ಕಿಂತ ಬೇಗ ಬಿಡುತ್ತದೆ. ರೀಲಿನ ಬಿಲ್ಲೆಯ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಹಾಕಿಟ್ಟರೆ ಉರುಳಿತೋ ಜಾರಿತೋ ಕಣ್ಣಿಗೇ ಗೊತ್ತಾಗುತ್ತದೆ.

ಪ್ರಶ್ನೆ: ದಾರವನ್ನು ಅಡ್ಡಕ್ಕೆ ಎಳೆದರೆ ಬಿಚ್ಚಿಕೊಳ್ಳಬೇಕು ತಾನೇ? ನನ್ನ ರೀಲು ಸುತ್ತಿಕೊಳ್ಳುತ್ತಾ ಬಂತು. ದಾರ ಕೆಳಗಿನಿಂದ ಬಿಟ್ಟಿತ್ತು.

ಸುತ್ತಿಕೊಳ್ಳಲೇಬೇಕು. ದಿಂಡಿನ ತಳ ಮೇಜಿನಿಂದ ಮೇಲಿದೆ. ರೀಲು ಉರುಳುವಾಗ ಆ ತಳವೂ ಅದೇ ದಿಕ್ಕಿಗೆ ಸಾಗುತ್ತದೆ, ಆದರೆ ರೀಲಿನ ನಡುವಿಗಿಂತ ನಿಧಾನವಾಗಿ. ನಿಮ್ಮ ಕೈಯ ವೇಗ ಆ ತಳದ ವೇಗ. ಸುತ್ತು 1.5, ಬಿಲ್ಲೆ 2 ಇದ್ದರೆ ಕೈ 1 ಸೆಂ.ಮೀ. ಸರಿದಾಗ ರೀಲು 4 ಸೆಂ.ಮೀ. ಬರುತ್ತದೆ. ಮಿಕ್ಕ 3 ಸೆಂ.ಮೀ. ದಾರ ರೀಲಿಗೆ ಸುತ್ತುತ್ತದೆ. ಅದು ದೂರ ಹೋಗುತ್ತಿದ್ದರೆ ದಿಂಡಿನ ತಳವೂ ದೂರ ಹೋಗಿ ನಿಮ್ಮ ಕೈಯನ್ನೇ ಎಳೆದುಕೊಂಡು ಹೋಗಬೇಕಿತ್ತು. ನಿಂತ ರೀಲಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಪ್ರಶ್ನೆ: ರೀಲಿನ ಭಾರ ಹೆಚ್ಚಿಸಿದರೆ ಗಡಿಯ ಕೋನ ಬದಲಾಗುತ್ತಾ?

ಇಲ್ಲ. ಎಷ್ಟು ಚುರುಕಾಗಿ ಉರುಳುತ್ತದೆ, ಯಾವಾಗ ಜಾರುತ್ತದೆ ಎನ್ನುವುದು ಮಾತ್ರ ಬದಲಾಗುತ್ತದೆ.

ಪ್ರಶ್ನೆ: ಒಬ್ಬರು ‘ಬಾ’ ಅಂದರೆ ರೀಲು ಬರುತ್ತೆ, ‘ಹೋಗು’ ಅಂದರೆ ಹೋಗುತ್ತೆ. ಮನಸ್ಸಿನ ಶಕ್ತಿ ಅಂತಾರೆ. ಅವರ ಶಿಬಿರಕ್ಕೆ ದುಡ್ಡು ಕಟ್ಟಬಹುದಾ?

ಒಂದು ಪೈಸೆಯನ್ನೂ ಕಟ್ಟಬೇಡಿ. ಇದು ಮೋಸ. ಗಡಿಯ ಹತ್ತಿರ ದಾರ ಹಿಡಿದವರು ಕೈಯನ್ನು 5 ಸೆಂ.ಮೀ. ಎತ್ತಿದರೆ ಸಾಕು, ಕೋನ 4–5 ಡಿಗ್ರಿ ಬದಲಾಗಿ ರೀಲಿನ ದಿಕ್ಕು ತಿರುಗುತ್ತದೆ. ನೀವು ರೀಲನ್ನು ನೋಡುತ್ತಿರುತ್ತೀರಿ, ಮಣಿಕಟ್ಟನ್ನು ನೋಡುವುದಿಲ್ಲ. ದಾರವನ್ನು ಪುಲ್ಲಿಗೆ ಹಾಯಿಸಿ, ತೂಕ ಕಟ್ಟಿ, ಕೈ ಹಿಂದೆ ಇಟ್ಟುಕೊಂಡು ‘ಬಾ’ ಅನ್ನಲು ಹೇಳಿ. ಇಂಥವರ ಮೇಲೆ ನನಗೆ ಸಿಟ್ಟು ಬರುವುದು ದುಡ್ಡಿಗಾಗಿ ಮಾತ್ರ ಅಲ್ಲ. ಮಕ್ಕಳು ಐದು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳಬಹುದಾದದ್ದನ್ನು ಅವರು ಬೇಕೆಂದೇ ಮುಚ್ಚಿಡುತ್ತಾರೆ.

ಪ್ರಶ್ನೆ: ಸೈಕಲ್ ಬೀಳದಂತೆ ಹಿಡಿದು, ಕೆಳಗಿರುವ ಪೆಡಲನ್ನು ಹಿಂದಕ್ಕೆ ಎಳೆದರೆ ಅದು ಮುಂದೆ ಹೋಗುತ್ತದಾ?

ಸಾಮಾನ್ಯ ಸೈಕಲ್ ಹಿಂದಕ್ಕೇ ಬರುತ್ತದೆ. ಅಡ್ಡಕ್ಕೆ ಎಳೆದ ರೀಲಿನದೇ ಕಥೆ.

ಪ್ರಶ್ನೆ: ದಾರ ದಿಂಡಿನ ಮೇಲಿನಿಂದ ಬಿಟ್ಟರೆ ಯಾವ ಕೋನಕ್ಕೆ ಹಿಂದೆ ಹೋಗುತ್ತೆ?

ಅಡ್ಡದಿಂದ ನೇರ ಮೇಲಿನವರೆಗೆ ಯಾವ ಕೋನಕ್ಕೂ ಹೋಗುವುದಿಲ್ಲ, ನೀವು ಎಳೆದ ಬದಿಗೇ ಬರುತ್ತದೆ. ಸ್ಕೇಲ್ ಇಟ್ಟು ದಾರದ ಗೆರೆ ಎಳೆದು ನೋಡಿ, ಅದು ಮುಟ್ಟುಬಿಂದುವಿನ ಈಚೆಗೆ ಎಂದೂ ಬೀಳುವುದಿಲ್ಲ.