ಎಲ್ಬೋ, ಟೀ ಎಷ್ಟು ಮೀಟರ್ ಪೈಪಿಗೆ ಸಮ?

ಪ್ರಶ್ನೆ: ಸರ್, ಧಾರವಾಡದ ಸಪ್ತಾಪುರದಲ್ಲಿ ಮನೆ ಕಟ್ಟಿಸ್ತಿದ್ದೀವಿ. ಟಾಕಿ ತಳದಿಂದ ಮೇಲ್ಮಹಡಿ ಶವರ್‌ಗೆ ಒಂದೂವರೆ ಮೀಟರ್ ಇಳಿವು ಅಷ್ಟೇ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು 14 ಮೀಟರ್, ದಾರಿಯಲ್ಲಿ 8 ಎಲ್ಬೋ, 3 ಟೀ. ಪ್ಲಂಬರ್ 14 ಮೀಟರಿಗಷ್ಟೇ ಲೆಕ್ಕ ಹಾಕಿದಾರೆ. ಇದು ಸರಿನಾ?

ಉತ್ತರ: ಸರಿಯಲ್ಲ. ಎಲ್ಬೋದಲ್ಲಿ ನೀರು ತಿರುಗುವಾಗ ಒತ್ತಡ ಕಳೆದುಕೊಳ್ಳುತ್ತದೆ. ಎಷ್ಟು ಉದ್ದದ ನೇರ ಪೈಪಿನಲ್ಲಿ ಅಷ್ಟೇ ಒತ್ತಡ ಹೋಗುತ್ತದೋ, ಅದೇ ಆ ಎಲ್ಬೋದ ಸಮಾನ ಉದ್ದ. ಸಾಮಾನ್ಯ 90 ಡಿಗ್ರಿ ಎಲ್ಬೋಕ್ಕೆ ಪೈಪಿನ ಒಳವ್ಯಾಸದ 30 ಪಟ್ಟು ಹಿಡಿಯುತ್ತೇವೆ. ನಿಮ್ಮ ಪೈಪಿನ ಒಳವ್ಯಾಸ ಸುಮಾರು 18 ಮಿ.ಮೀ. ಅಂದರೆ ಒಂದು ಎಲ್ಬೋ 54 ಸೆಂ.ಮೀ., ಎಂಟಕ್ಕೆ 4.3 ಮೀಟರ್.

ಜನ ಎಡವೋದು ಟೀ ವಿಷಯದಲ್ಲಿ. ಟೀ ಒಂದೇ ಆದರೂ ಅದರ ಲೆಕ್ಕ ಎರಡು. ನೀರು ನೇರ ದಾಟಿ ಹೋದರೆ 20 ಪಟ್ಟು, ಪಕ್ಕದ ಕವಲಿಗೆ ತಿರುಗಿದರೆ 60 ಪಟ್ಟು. ಟೀ ಒಳಗೆ ಎಲ್ಬೋದಂಥ ಬಾಗು ಇಲ್ಲ, ನೀರು ಎದುರು ಗೋಡೆಗೆ ಬಡಿದು ಸುಳಿ ಎದ್ದು ಹೊರಳಬೇಕು. ಹಾಗಾಗಿ ಟೀ ಎಷ್ಟಿವೆ ಅಂತ ಸುಮ್ನೆ ಎಣಿಸಬೇಡಿ. ನಕ್ಷೆಯ ಮೇಲೆ ಟಾಕಿಯಿಂದ ಶವರ್‌ವರೆಗೆ ಬೆರಳಿಟ್ಟು ಹೋಗಿ, ಪ್ರತಿ ಟೀಯಲ್ಲಿ ಬೆರಳು ನೇರ ಹೋಯಿತೋ, ತಿರುಗಿತೋ ನೋಡಿ. ನಿಮ್ಮ ದಾರಿಯಲ್ಲಿ ಎರಡು ನೇರ, ಒಂದು ತಿರುವು ಅಂತ ಇಟ್ಟುಕೊಂಡರೆ ಟೀಗಳದ್ದು 1.8 ಮೀಟರ್. ಒಟ್ಟು 14 ಹೋಗಿ 20 ಮೀಟರ್ ಆಯಿತು.

ಶವರ್‌ಗೆ ನಿಮಿಷಕ್ಕೆ 12 ಲೀಟರ್ ಬೇಕು ಅನ್ನೋಣ. ಆ ಹರಿವಿಗೆ ಈ ಪೈಪಿನಲ್ಲಿ ಮೀಟರಿಗೆ ಸುಮಾರು 4.5 ಸೆಂ.ಮೀ. ಎತ್ತರದಷ್ಟು ಒತ್ತಡ ಹೋಗುತ್ತದೆ. 20 ಮೀಟರಿಗೆ 90 ಸೆಂ.ಮೀ. ನಿಮಗಿರೋದೇ 150, ಶವರ್ ತಲೆಗೆ ಉಳಿಯೋದು 60. ಇಷ್ಟರಲ್ಲಿ ನೀರು ಜೋರಾಗಿ ಬರುವುದಿಲ್ಲ.

ಎಲ್ಬೋ ಕಡಿಮೆ ಮಾಡಿದರೆ ಸಾಕಾ? ಎರಡು ತೆಗೆದರೂ ಉಳಿತಾಯ ಆಗೋದು 5 ಸೆಂ.ಮೀ. ಅಷ್ಟೇ. ಅದರ ಬದಲು ಒಂದು ಇಂಚಿನ ಪೈಪು ಹಾಕಿಸಿ. ಅದರ ಒಳವ್ಯಾಸ ಸುಮಾರು 23 ಮಿ.ಮೀ. ಒಳವ್ಯಾಸ ಹಿಗ್ಗಿದ್ದಕ್ಕೆ ಎಲ್ಬೋ, ಟೀಗಳ ಸಮಾನ ಉದ್ದವೂ ಹಿಗ್ಗಿ ಒಟ್ಟು 22 ಮೀಟರ್ ಆಗುತ್ತದೆ. ಆದರೆ ಮೀಟರಿಗೆ ಹೋಗುವ ಒತ್ತಡ 1.3 ಸೆಂ.ಮೀ.ಗೆ ಇಳಿಯುತ್ತದೆ. 90ರ ಬದಲು 30ರ ಒಳಗೇ ಮುಗಿಯಿತು.

ಈ ಪಟ್ಟುಗಳು ಅಂದಾಜಿನವು, ಫಿಟಿಂಗ್ ಕಂಪನಿ ಕೋಷ್ಟಕ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ‘ಫಿಟಿಂಗಿಗೆ ಅರ್ಧ ಸೇರಿಸಿದರೆ ಸಾಕು’ ಅನ್ನೋ ರೂಢಿ ನಿಮ್ಮ ಇಡೀ ದಾರಿಗೆ ಹತ್ತಿರ ಬಂತು, ನಿಜ. ಆದರೆ ಬಾತ್‌ರೂಮಿನ 3 ಮೀಟರ್ ಪೈಪಿನಲ್ಲೇ 5 ಎಲ್ಬೋ ಇದ್ದರೆ ಸೇರಿಸಬೇಕಾದ್ದು ಅರ್ಧ ಅಲ್ಲ, ಹೆಚ್ಚುಕಮ್ಮಿ ಅಷ್ಟೇ ಉದ್ದ. ಇನ್ನು ಶವರ್ ಓಡುವಾಗ ಅದೇ ಲೈನಿನ ಇನ್ನೊಂದು ನಳ ತೆರೆದರೆ, ಆ ಟೀ ತನಕದ ಭಾಗದಲ್ಲಿ ಹರಿವು ಜಾಸ್ತಿ. ಆ ಭಾಗದ ಲೆಕ್ಕ ಬೇರೆಯೇ ಹಾಕಿ.