ರೆಸ್ಯೂಮ್ ಯಾಕೆ ಲಗತ್ತಿಸಿದೆ?

"ದೊಡ್ಡವರಿಗೆ ಮೆಸೇಜ್ ಹಾಕಿದೆ ಮೇಡಂ, ನೋಡಿದ್ದಾರೆ, ಉತ್ತರ ಇಲ್ಲ." ವೃತ್ತಿಯ ಬಗ್ಗೆ ಸಲಹೆ ಕೇಳಲು ಬರುವವರಿಂದ ಈ ಮಾತು ನನ್ನ ಕೋಣೆಯಲ್ಲಿ ಎಷ್ಟೋ ಸಲ ಕೇಳಿಬಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ ಇಪ್ಪತ್ತಾರು ವರ್ಷ. ಕುಶಾಲನಗರದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗ್ರೇಡಿಂಗ್ ನೋಡಿಕೊಳ್ಳುತ್ತಾಳೆ. ಜರಡಿ ಹಾಕಿದ ಬೀಜದಲ್ಲಿ ಕಪ್ಪು, ಒಡಕು ಹೆಕ್ಕಿ ಎಣಿಸುವ ಕೆಲಸ. ರುಚಿ ನೋಡುವ ಕಡೆಗೆ, ಅಂದರೆ ಕಪ್ಪಿಂಗ್‌ಗೆ ಹೋಗಬೇಕೆಂಬ ಆಸೆ. ಬೆಂಗಳೂರಿನ ಬೇರೊಂದು ಕಂಪನಿಯ ಹಿರಿಯ ಟೇಸ್ಟರ್ ಒಬ್ಬರಿಗೆ ಲಿಂಕ್ಡ್‌ಇನ್‌ನಲ್ಲಿ ಬರೆದಿದ್ದಳು.

ಎರಡನೇ ಭೇಟಿಯಲ್ಲಿ ಆ ಮೆಸೇಜನ್ನು ಗಟ್ಟಿಯಾಗಿ ಓದಿಸಿದೆ. ಊರು, ಓದು, ಅಪ್ಪನ ತೋಟ ಎಲ್ಲ ಬಂತು. ಕೊನೆಗೆ "ದಯವಿಟ್ಟು ಮಾರ್ಗದರ್ಶನ ಮಾಡಿ, ರೆಸ್ಯೂಮ್ ಲಗತ್ತಿಸಿದ್ದೇನೆ."

"ಕೆಲಸ ಕೇಳ್ತಿದ್ದೀಯಾ?"

"ಇಲ್ಲ ಮೇಡಂ, ಮಾತಾಡಬೇಕಿತ್ತು ಅಷ್ಟೆ."

"ಮತ್ತೆ ರೆಸ್ಯೂಮ್ ಯಾಕೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಕೆಲಸ ಬೇಡ ಅಂದ್ರೆ ಸುಳ್ಳಾಗುತ್ತಲ್ಲ."

ಇದಕ್ಕೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಕೆಲಸದ ಆಸೆ ಮುಚ್ಚಿಟ್ಟು 'ಸುಮ್ಮನೆ ಹರಟೆ' ಅಂತ ಕರೆಸಿಕೊಳ್ಳುವುದು ಮೋಸವೇ. ಆದರೆ ರೆಸ್ಯೂಮ್ ಕಂಡ ಕೂಡಲೇ ಅವರಿಗೆ ತಮ್ಮ ಎಚ್‌ಆರ್ ನೆನಪಾಗುತ್ತಾರೆ. ತಮ್ಮ ಕೈಯಲ್ಲಿಲ್ಲದ ಕೆಲಸಕ್ಕೆ ಹೂಂ ಅನ್ನುವುದಕ್ಕಿಂತ ಸುಮ್ಮನಿರುವುದು ಸುಲಭ. ಕೆಲಸ ಕೊಡುವುದು ಅವರ ಕೈಯಲ್ಲಿಲ್ಲದಿರಬಹುದು, ಆದರೆ ದಾರಿ ಹೇಳಲು ಯಾರನ್ನೂ ಕೇಳಬೇಕಿಲ್ಲ. ಆದ್ದರಿಂದ ಆಸೆ ಇರಲಿ, ಬೇಡಿಕೆ ಮಾತ್ರ ಬೇಡ. ಅವರಾಗಿ ಕೇಳಿದರೆ ನಿಜ ಹೇಳು ಅಂದೆ. ಇದನ್ನು ಜಾಣತನ ಅನ್ನುವವರೂ ಇದ್ದಾರೆ, ಅನ್ನಲಿ.

ಇಬ್ಬರೂ ಕೂತು ತಿದ್ದಿದ ಮೆಸೇಜಿನ ಸಾರ ಇಷ್ಟು: "ಸರ್, ನಾನು ಕೊಡಗಿನಲ್ಲಿ ಮೂರು ವರ್ಷದಿಂದ ಗ್ರೇಡಿಂಗ್ ಮಾಡುತ್ತಿದ್ದೇನೆ. ನೀವೂ ಗ್ರೇಡಿಂಗ್‌ನಿಂದಲೇ ಕಪ್ಪಿಂಗ್‌ಗೆ ಹೋದವರೆಂದು ನಿಮ್ಮ ಪ್ರೊಫೈಲ್‌ನಲ್ಲಿ ಓದಿದೆ. ಆ ಮೊದಲ ವರ್ಷ ಹೇಗಿತ್ತೆಂದು ತಿಳಿಯಬೇಕಿತ್ತು. ಮುಂದಿನ ಎರಡು ವಾರದಲ್ಲಿ ನಿಮಗೆ ಅನುಕೂಲವಾದಾಗ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದೇ? ಆಗದಿದ್ದರೂ ಪರವಾಗಿಲ್ಲ."

ಯಾವ ಕೋರ್ಸ್ ಮಾಡಲಿ ಎಂಬ ಪ್ರಶ್ನೆಯನ್ನು ತೆಗೆಸಿದೆ. ಕಾಫಿ ಬೋರ್ಡ್‌ನ ಕಾಫಿ ಕ್ವಾಲಿಟಿ ಡಿಪ್ಲೊಮಾ ವಿವರ ಬೋರ್ಡ್‌ನ ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದಕ್ಕೆ ಅವರ ಸಮಯ ಯಾಕೆ? ಇನ್ನೊಂದು ಎಚ್ಚರಿಕೆಯನ್ನೂ ಒತ್ತಿ ಹೇಳಿದೆ: ಎರಡೂ ಕಂಪನಿ ಒಂದೇ ವ್ಯಾಪಾರದವು, ಅವರ ಗಿರಾಕಿ, ದರ ಕೇಳಬೇಡ, ನಿಮ್ಮಲ್ಲಿರುವ ಕಾಫಿ ಲಾಟ್‌ಗಳ ಮಾತೂ ಎತ್ತಬೇಡ.

ಒಂಬತ್ತು ದಿನ ಉತ್ತರವಿಲ್ಲ. ಎರಡು ಸಾಲಿನ ಒಂದೇ ಒಂದು ನೆನಪೋಲೆ ಹಾಕಿಸಿದೆ, ಅದಕ್ಕೂ ಬರದಿದ್ದರೆ ಬಿಟ್ಟುಬಿಡು ಎಂದು ಹೇಳಿ. ಮರುದಿನವೇ ಒಪ್ಪಿಗೆಯ ಉತ್ತರ ಬಂತು. ಫೋನಿನಲ್ಲಿ ಮಾತಾಡುವ ದಿನ ಮಳೆಗೆ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ, ಕುಶಾಲನಗರದ ಗೆಳತಿಯ ಮನೆಯಲ್ಲಿ ಕೂತು ಮಾತಾಡಿದಳಂತೆ.

"ಕೆಲಸದ ಮಾತೇ ಬರಲಿಲ್ಲ ಮೇಡಂ," ಎಂದಳು, ಸ್ವಲ್ಪ ಸಪ್ಪಗೆ. ಮೊದಲ ವರ್ಷ ಅವರು ಬರೀ ಸ್ಯಾಂಪಲ್ ಹುರಿದು ಕಪ್ ತೊಳೆದರಂತೆ. ಅಂದೇ ಸಂಜೆ ಆಕೆ ಧನ್ಯವಾದದ ಮೆಸೇಜ್ ಕಳಿಸಿದ್ದಾಳೆ. ಈಗ ತನ್ನ ವರ್ಕ್ಸ್‌ನಲ್ಲೇ ಶನಿವಾರದ ಕಪ್ಪಿಂಗ್‌ಗೆ ಸ್ಯಾಂಪಲ್ ಹುರಿಯಲು ಬಿಡಿ ಎಂದು ಮ್ಯಾನೇಜರನ್ನು ಕೇಳಿದ್ದಾಳೆ.