ಯಂತ್ರದ ಆಯುಷ್ಯವನ್ನು ತೆರಿಗೆ ನಿಯಮ ಹೇಳುವುದಿಲ್ಲ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾವಿಬ್ಬರು ಪಾಲುದಾರರು ಕಾರ್ಕಳದ ಹತ್ತಿರ ಗೇರುಬೀಜದ ಸಣ್ಣ ಕಾರ್ಖಾನೆ ನಡೆಸುತ್ತಿದ್ದೇವೆ. 2023ರ ಏಪ್ರಿಲ್ 1ಕ್ಕೆ ಬೀಜ ಕತ್ತರಿಸುವ ಯಂತ್ರ ಚಾಲೂ ಮಾಡಿದೆವು. ಸಾಗಣೆ, ಕೂರಿಸಿದ ಖರ್ಚು ಸೇರಿ 10 ಲಕ್ಷ ಆಯಿತು. ಎಂಟು ವರ್ಷ ಬರುತ್ತದೆ, ಆಮೇಲೆ ಗುಜರಿಗೆ 1 ಲಕ್ಷ ಸಿಗಬಹುದು ಎನ್ನುತ್ತಾರೆ. ವರ್ಷಕ್ಕೆ 150 ಟನ್ ಬೀಜ ಕತ್ತರಿಸುತ್ತದೆ, ಅರ್ಧ ನಮ್ಮದು, ಅರ್ಧ ಹೊರಗಿನವರದ್ದು ಕೂಲಿಗೆ. ಲೆಕ್ಕ ಬರೆಯುವವರು ಮೂರು ವರ್ಷದಿಂದ ಸವಕಳಿಗೆ ಶೇ. 15 ಡಬ್ಲ್ಯುಡಿವಿ ಹಾಕುತ್ತಿದ್ದಾರೆ, ಅದರಿಂದ ತೆರಿಗೆ ಉಳಿಯುತ್ತದಂತೆ. ಬಿ.ಕಾಂ. ಮುಗಿಸಿದ ಮಗಳು ಸ್ಟ್ರೈಟ್ ಲೈನೇ ಸರಿ ಎನ್ನುತ್ತಾಳೆ. ಯಾರ ಮಾತು ಕೇಳಲಿ?
— ಓದುಗರು, ಕಾರ್ಕಳ

ಸಂಪಾದಕರ ಉತ್ತರ

ಮಗಳ ಮಾತು ಕೇಳಿ. ಕಾರಣ ಹೇಳಲು ಸ್ವಲ್ಪ ಜಾಗ ಬೇಕು.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಎರಡು ಸಂಗತಿ: ಎಂಟು ವರ್ಷ, ಒಂದು ಲಕ್ಷ. ಯಂತ್ರದ ಬೆಲೆಯನ್ನು ಅದು ಬಾಳುವ ವರ್ಷಗಳಿಗೆ ಖರ್ಚಾಗಿ ಹಂಚುವ ಸವಕಳಿಯ ಲೆಕ್ಕಕ್ಕೆ ಇವೆರಡೇ ಅಡಿಪಾಯ. ಯಂತ್ರದ ಮೂಲಬೆಲೆ ಬಿಲ್ಲಿನಲ್ಲಿ ಇರುತ್ತದೆ. ಆಯುಷ್ಯ ಮತ್ತು ಗುಜರಿ ಬೆಲೆಯನ್ನು ಮಾಲೀಕರೇ ಯೋಚಿಸಿ ಹೇಳಬೇಕು. ನೀವು ಯೋಚಿಸಿದ್ದೀರಿ. ಆದರೆ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಆ ಯೋಚನೆಯ ಗುರುತೇ ಇಲ್ಲ, ಬೇರೆಲ್ಲಿಂದಲೋ ತಂದ 15 ಮಾತ್ರ ಇದೆ.

(ಆ 10 ಲಕ್ಷದೊಳಗೆ ಜಿಎಸ್‌ಟಿ ಸೇರಿದೆಯೇ ಎಂದು ಒಮ್ಮೆ ನೋಡಿ. ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಆ ಮೊತ್ತ ಮೂಲಬೆಲೆಯಲ್ಲಿ ಇರಬಾರದು. ತೆರಿಗೆಯ ಆ ಭಾಗಕ್ಕೆ ಸವಕಳಿಯನ್ನೂ ಕ್ರೆಡಿಟ್ಟನ್ನೂ ಎರಡನ್ನೂ ಪಡೆಯಲು ಕಾನೂನು ಬಿಡುವುದಿಲ್ಲ. ಸೇರಿಲ್ಲ ಎಂದುಕೊಂಡೇ ಮುಂದೆ ಹೋಗುತ್ತೇನೆ.)

ಸ್ಟ್ರೈಟ್ ಲೈನ್ ಲೆಕ್ಕ ಒಂದೇ ಸಾಲಿನದ್ದು. 10 ಲಕ್ಷದಲ್ಲಿ 1 ಲಕ್ಷ ಕಳೆದು, ಉಳಿದ 9 ಲಕ್ಷವನ್ನು ಎಂಟರಿಂದ ಭಾಗಿಸಿದರೆ ವರ್ಷಕ್ಕೆ 1,12,500. ಇಳಿಕೆಯ ಶಿಲ್ಕು, ಅಂದರೆ ಡಬ್ಲ್ಯುಡಿವಿ, ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಅದೇ ದರ ಹಾಕುತ್ತದೆ. ಆ ದರವನ್ನು ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ. ಎಂಟನೇ ವರ್ಷದ ಕೊನೆಗೆ ಪುಸ್ತಕದಲ್ಲಿ 1 ಲಕ್ಷವೇ ಉಳಿಯುವಂತೆ ಅದನ್ನು ಹುಡುಕಬೇಕು. ಎಕ್ಸೆಲ್‌ನಲ್ಲಿ ಹೀಗೆ ಬರೆಯಿರಿ:

```
=1-(100000/1000000)^(1/8)
```

0.2501 ಬರುತ್ತದೆ, ಅಂದರೆ ಶೇ. 25. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮೊತ್ತ ರೂಪಾಯಿಗಳಲ್ಲಿ:

| ವರ್ಷ | ಸ್ಟ್ರೈಟ್ ಲೈನ್ ಸವಕಳಿ | ಉಳಿದ ಬೆಲೆ | ಶೇ. 25 ಡಬ್ಲ್ಯುಡಿವಿ ಸವಕಳಿ | ಉಳಿದ ಬೆಲೆ |
|---|---|---|---|---|
| 1 | 1,12,500 | 8,87,500 | 2,50,000 | 7,50,000 |
| 2 | 1,12,500 | 7,75,000 | 1,87,500 | 5,62,500 |
| 3 | 1,12,500 | 6,62,500 | 1,40,625 | 4,21,875 |
| 4 | 1,12,500 | 5,50,000 | 1,05,469 | 3,16,406 |
| 5 | 1,12,500 | 4,37,500 | 79,102 | 2,37,304 |
| 6 | 1,12,500 | 3,25,000 | 59,326 | 1,77,978 |
| 7 | 1,12,500 | 2,12,500 | 44,495 | 1,33,483 |
| 8 | 1,12,500 | 1,00,000 | 33,371 | 1,00,112 |

ಕೊನೆಯ 112 ರೂಪಾಯಿ ದರವನ್ನು 25ಕ್ಕೆ ಇಳಿಸಿದ್ದರಿಂದ ಉಳಿದದ್ದು, ಅದನ್ನು ಎಂಟನೇ ವರ್ಷದ ಸವಕಳಿಗೇ ಸೇರಿಸಿ ಮುಗಿಸಬಹುದು. ಮೂರನೇ ವರ್ಷದವರೆಗೆ ಡಬ್ಲ್ಯುಡಿವಿಯ ಸವಕಳಿ ದೊಡ್ಡದು, ನಾಲ್ಕನೇ ವರ್ಷದಿಂದ ಸ್ಟ್ರೈಟ್ ಲೈನಿನದ್ದು. ಹಾಗಾಗಿ ಎರಡರ ಉಳಿದ ಬೆಲೆಗಳ ನಡುವಿನ ಅಂತರ ಅತಿ ಹೆಚ್ಚಾಗುವುದು ಮೂರನೇ ವರ್ಷದ ಕೊನೆಗೆ, 2,40,625 ರೂಪಾಯಿ. ಒಬ್ಬ ಪಾಲುದಾರ ಅಂದೇ ಹೊರಬಿದ್ದು, ಯಂತ್ರದ ಬೆಲೆಯನ್ನು ಹೊಸದಾಗಿ ಕಟ್ಟದೆ ಪುಸ್ತಕದ ಬೆಲೆಯ ಮೇಲೆಯೇ ಲೆಕ್ಕ ಚುಕ್ತಾ ಮಾಡಿದರೆ, ಸಮಪಾಲಿನಲ್ಲಿ ಅವನ ಕೈಗೆ ಬರುವ ದುಡ್ಡು 1,20,000ದಷ್ಟು ಹೆಚ್ಚುಕಡಿಮೆ ಆಗುತ್ತದೆ. ಸವಕಳಿ ಬರೀ ಪುಸ್ತಕದ ಸಂಗತಿ ಎನ್ನುವವರು ಇದನ್ನು ಯೋಚಿಸಬೇಕು.

ಈಗ ನಿಮ್ಮ ಶೇ. 15ಕ್ಕೆ ಬರೋಣ. ಅಲ್ಲ ಮಾರಾಯ್ರೇ, ಎಂಟು ವರ್ಷ ಬಾಳುವ ಯಂತ್ರ ಎಂದು ನೀವೇ ಬರೆದಿದ್ದೀರಿ. ಶೇ. 15ರಂತೆ ಎಂಟು ವರ್ಷ ಇಳಿಸಿದರೆ ಕೊನೆಗೆ ಪುಸ್ತಕದಲ್ಲಿ 2,72,490 ಉಳಿಯುತ್ತದೆ. ಗುಜರಿಯವನು ಕೊಡುವುದು 1 ಲಕ್ಷ. ಬಾಕಿ 1,72,490 ಒಂದೇ ವರ್ಷದಲ್ಲಿ ನಷ್ಟವಾಗಿ ಬಂದು ಬೀಳುತ್ತದೆ, ಅದೂ ಹೊಸ ಯಂತ್ರಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋಗುವ ವರ್ಷದಲ್ಲೇ. ಮೊದಲ ವರ್ಷ 1,50,000 ಕಳೆಯುವುದರಿಂದ ಡಬ್ಲ್ಯುಡಿವಿ ಬಹಳ ಎಚ್ಚರಿಕೆಯ ಪದ್ಧತಿಯಂತೆ ಕಾಣುತ್ತದೆ. ಪೂರ್ತಿ ಆಯುಷ್ಯಕ್ಕೆ ನೋಡಿದರೆ ಈ ದರ ತೀರಾ ನಿಧಾನ.

ಆ 15 ಬಂದದ್ದು ಆದಾಯ ತೆರಿಗೆ ನಿಯಮದಿಂದ. ಸಾಮಾನ್ಯ ಯಂತ್ರಗಳಿಗೆ ಅಲ್ಲಿ ಮೊದಲು ಶೇ. 25 ಇತ್ತು, 2006-07ರ ನಿರ್ಧಾರಣ ವರ್ಷದಿಂದ ಶೇ. 15 ಆಯಿತು. ಆ ವರ್ಷ ನಮ್ಮ ಕಾರ್ಖಾನೆಗಳ ಯಂತ್ರಗಳ ಆಯುಷ್ಯವೇನೂ ಬೆಳೆಯಲಿಲ್ಲ. ಎಷ್ಟು ಕಳೆಯಲು ಬಿಡಬೇಕು ಎಂದು ಸರಕಾರ ತನ್ನ ಆದಾಯ ನೋಡಿಕೊಂಡು ನಿಶ್ಚಯಿಸುವ ಅಂಕಿ ಅದು. ಅದನ್ನು ನಮ್ಮ ಯಂತ್ರಕ್ಕೆ ಅಳತೆಗೋಲು ಮಾಡಿಕೊಳ್ಳುವುದು ತಪ್ಪು.

ತೆರಿಗೆ ಉಳಿಯುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಮೊದಲ ವರ್ಷ ಸವಕಳಿಗೆ ಮುಂಚಿನ ಲಾಭ 6 ಲಕ್ಷ ಎಂದುಕೊಳ್ಳಿ. ಪುಸ್ತಕದಲ್ಲಿ ಸ್ಟ್ರೈಟ್ ಲೈನ್ ಹಾಕಿದರೆ ಲಾಭ 4,87,500. ತೆರಿಗೆ ಲೆಕ್ಕದ ಹಾಳೆಯಲ್ಲಿ ಆ 1,12,500 ಮತ್ತೆ ಕೂಡಿಸಿ, ನಿಯಮದ 1,50,000 ಕಳೆಯುತ್ತಾರೆ. ತೆರಿಗೆ ಬೀಳುವ ಆದಾಯ 4,50,000. ಪುಸ್ತಕದಲ್ಲಿ ಶೇ. 25 ಹಾಕಿದರೆ ಲಾಭ 3,50,000. ಅದಕ್ಕೆ 2,50,000 ಕೂಡಿಸಿ 1,50,000 ಕಳೆದರೆ ಬರುವುದು ಅದೇ 4,50,000. ಒಂದು ರೂಪಾಯಿಯೂ ಅತ್ತಿತ್ತ ಆಗಲಿಲ್ಲ. ಪುಸ್ತಕದಲ್ಲೂ ಶೇ. 15 ಇಟ್ಟರೆ ಲೆಕ್ಕ ಬರೆಯುವವರಿಗೆ ಈ ಕೂಡಿಸಿ ಕಳೆಯುವ ಕೆಲಸ ತಪ್ಪುತ್ತದೆ. ಉಳಿತಾಯ ಅಷ್ಟೇ.

ಡಬ್ಲ್ಯುಡಿವಿಗೆ ಅದರದ್ದೇ ಜಾಗ ಇದೆ, ಇಲ್ಲ ಎನ್ನುವುದಿಲ್ಲ. ಯಂತ್ರ ಹಳತಾದಂತೆ ರಿಪೇರಿ ಏರುತ್ತದೆ, ಸವಕಳಿ ಇಳಿಯುತ್ತದೆ, ಎರಡೂ ಸೇರಿ ವರ್ಷದ ಹೊರೆ ಸಮವಾಗುತ್ತದೆ ಎಂಬುದು ಅದರ ಪರವಾಗಿ ಇರುವ ಗಟ್ಟಿ ವಾದ. ಕಂಪ್ಯೂಟರಿನಂಥ, ಕೊಂಡ ವರ್ಷವೇ ಬೆಲೆ ಕುಸಿಯುವ ವಸ್ತುವಿಗೆ ಅದು ಒಪ್ಪುತ್ತದೆ. ಮಾರುವ ಬೆಲೆಗೂ ಅದು ಹತ್ತಿರ ಇರುವುದುಂಟು. ಮೂರನೇ ವರ್ಷದ ಕೊನೆಗೆ ಯಾರಾದರೂ ನಿಮ್ಮ ಯಂತ್ರಕ್ಕೆ 5 ಲಕ್ಷ ಕೊಟ್ಟರೆ, ಸ್ಟ್ರೈಟ್ ಲೈನ್ ಪುಸ್ತಕ 1,62,500 ನಷ್ಟ ತೋರಿಸುತ್ತದೆ, ಶೇ. 25ರ ಪುಸ್ತಕ 78,125 ಲಾಭ ತೋರಿಸುತ್ತದೆ. ಆದರೆ ಮೂರು ವರ್ಷದ ಸವಕಳಿಯನ್ನೂ ಸೇರಿಸಿ ನೋಡಿ: 3,37,500ಕ್ಕೆ 1,62,500 ಕೂಡಿದರೂ 5 ಲಕ್ಷ, 5,78,125ರಲ್ಲಿ 78,125 ಕಳೆದರೂ 5 ಲಕ್ಷ. ಯಂತ್ರ ತಿಂದದ್ದು ಎರಡರಲ್ಲೂ ಅಷ್ಟೇ. ಮತ್ತೆ, ನೀವು ಅದನ್ನು ಮಾರಲು ಕೊಂಡವರಲ್ಲ, ಎಂಟು ವರ್ಷ ಬೀಜ ಕತ್ತರಿಸಲು ಕೊಂಡವರು.

ಕತ್ತರಿಸುವ ಯಂತ್ರದ ಸ್ವಭಾವ ನೋಡಿ. ಬ್ಲೇಡು ಸವೆಯುವುದು ಬೀಜದ ತೂಕಕ್ಕೆ ತಕ್ಕಂತೆ. ಮೊದಲ ವರ್ಷವೂ ಬದಲಿಸಬೇಕು, ಆರನೇ ವರ್ಷವೂ ಬದಲಿಸಬೇಕು, ಅದು ಅಂದಂದಿನ ಖರ್ಚು. ಸಿಪ್ಪೆಯ ಎಣ್ಣೆ ಅಂಟಿ ತಿನ್ನುವುದು, ಕರಾವಳಿಯ ಗಾಳಿಗೆ ತುಕ್ಕು ಹಿಡಿಯುವುದು ವರ್ಷವರ್ಷವೂ ನಡೆಯುವ ಕೆಲಸ. 150 ಟನ್ ಮೊದಲ ವರ್ಷವೂ ಬರುತ್ತದೆ, ಏಳನೇ ವರ್ಷವೂ ಬರುತ್ತದೆ. ಆಸ್ತಿಯ ಪ್ರಯೋಜನ ಯಾವ ರೀತಿಯಲ್ಲಿ ಖರ್ಚಾಗುತ್ತದೆಯೋ ಸವಕಳಿ ಪದ್ಧತಿ ಅದನ್ನೇ ತೋರಿಸಬೇಕು ಎಂದು ಲೆಕ್ಕಪತ್ರದ ಮಾನದಂಡ ಎಎಸ್ 10 ಹೇಳುತ್ತದೆ. ಪ್ರಯೋಜನ ಸಮವಾಗಿ ಬರುವ ಕಡೆ ಸವಕಳಿಯೂ ಸಮವಾಗಿರಲಿ.

ಇದು ನಿಮಗೆ ನೇರವಾಗಿ ತಟ್ಟುವುದು ಕೂಲಿ ಕೆಲಸದ ದರದಲ್ಲಿ. 1,50,000 ಕಿಲೋಗೆ 1,12,500 ಎಂದರೆ ಕಿಲೋಗೆ 75 ಪೈಸೆ ಸವಕಳಿ, ಎಂಟು ವರ್ಷವೂ ಅದೇ. ಶೇ. 25ರ ಲೆಕ್ಕದಲ್ಲಿ ಮೊದಲ ವರ್ಷ ಕಿಲೋಗೆ 1 ರೂಪಾಯಿ 67 ಪೈಸೆ, ಎಂಟನೇ ವರ್ಷ 22 ಪೈಸೆ. ಅದನ್ನು ನಂಬಿ ದರ ಹೇಳುವವರು ಮೊದಲ ವರ್ಷ ದುಬಾರಿಯಾಗಿ ಗಿರಾಕಿ ಕಳೆದುಕೊಳ್ಳುತ್ತಾರೆ, ಕೊನೆಕೊನೆಗೆ ಯಂತ್ರ ಬಿಟ್ಟಿ ಓಡುತ್ತಿದೆ ಎಂದುಕೊಂಡು ದರ ಇಳಿಸುತ್ತಾರೆ. ಹೊಸ ಯಂತ್ರಕ್ಕೆ ದುಡ್ಡು ಕೂಡಿಡಬೇಕಾದ ವರ್ಷಗಳೇ ಅವು.

ನನ್ನ ದೊಡ್ಡ ತಕರಾರು ನಿಮ್ಮ ಮೇಲೆ ಅಲ್ಲ, ನಿಮ್ಮ ಲೆಕ್ಕ ಬರೆಯುವವರೊಬ್ಬರ ಮೇಲೂ ಅಲ್ಲ. ಪ್ರಥಮ ಪಿಯುಸಿಯ ಅಕೌಂಟೆನ್ಸಿಯಲ್ಲೇ ಇದು ಶುರುವಾಗುತ್ತದೆ. 'ಶೇ. 10ರಂತೆ ಸವಕಳಿ ಕಳೆಯಿರಿ' ಎಂಬಂಥ ಪ್ರಶ್ನೆಯಲ್ಲಿ ದರ ಮೊದಲೇ ಬಂದಿರುತ್ತದೆ. ಅದು ಎಲ್ಲಿಂದ ಬಂತು, ಆ ದರದಲ್ಲಿ ಯಂತ್ರ ಎಷ್ಟು ವರ್ಷ ಬಾಳಿದಂತಾಯಿತು ಎಂದು ಮಕ್ಕಳು ಕೇಳಬೇಕಾಗಿ ಬರುವುದೇ ಇಲ್ಲ. ಮುಂದೆ ಅವರೇ ಕಚೇರಿಯಲ್ಲಿ ಕೂತಾಗ ತೆರಿಗೆಯ ಪಟ್ಟಿಯಿಂದ ದರ ಎತ್ತಿಕೊಳ್ಳುತ್ತಾರೆ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, 1906ರಿಂದ 1931ರೊಳಗೆ ಐದು ಬ್ಯಾಂಕು ಹುಟ್ಟಿಸಿದ ನೆಲ ಇದು. ಲೆಕ್ಕ ನಮಗೆ ಹೊಸತಲ್ಲ. ಅಂಥ ಊರಿನಲ್ಲೂ ಯಂತ್ರದ ಆಯುಷ್ಯವನ್ನು ಅದನ್ನು ಓಡಿಸುವವನ ಹತ್ತಿರ ಕೇಳದೆ ಪುಸ್ತಕ ಬರೆಯುತ್ತಾರೆ. ಸ್ಟ್ರೈಟ್ ಲೈನ್ ಮೇಲೆ ನನಗಿರುವ ಪ್ರೀತಿಗೆ ಇದೇ ಕಾರಣ: ಎಷ್ಟು ವರ್ಷ ಎಂದು ಬಾಯಿಬಿಟ್ಟು ಹೇಳದೆ ಅದರ ಲೆಕ್ಕ ಶುರುವೇ ಆಗುವುದಿಲ್ಲ. ಡಬ್ಲ್ಯುಡಿವಿಯಲ್ಲಿ ಅದು ದರದೊಳಗೆ ಅಡಗಿ ಕೂರುತ್ತದೆ.

ಇನ್ನು ಮಾಡಬೇಕಾದದ್ದು. ಮೂರು ವರ್ಷ ಶೇ. 15 ಕಳೆದು ನಿಮ್ಮ ಪುಸ್ತಕದಲ್ಲಿ ಈಗ 6,14,125 ಇದೆ. ಪದ್ಧತಿ ಬದಲಿಸಿದಾಗ ಹಿಂದಿನ ವರ್ಷಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ ವ್ಯತ್ಯಾಸವನ್ನು ಲಾಭನಷ್ಟಕ್ಕೆ ತರಬೇಕು ಎಂದು ಕೆಲವರು ಈಗಲೂ ಹೇಳುತ್ತಾರೆ. ಅದು ಹಳೆಯ ಎಎಸ್ 6ರ ಕ್ರಮ. ಪರಿಷ್ಕೃತ ಎಎಸ್ 10 ಇದನ್ನು ಅಂದಾಜಿನ ಬದಲಾವಣೆ ಎಂದು ಪರಿಗಣಿಸುತ್ತದೆ, ಹಿಂದಿನದನ್ನು ಮುಟ್ಟುವುದಿಲ್ಲ. ಆದ್ದರಿಂದ 6,14,125ರಲ್ಲಿ 1 ಲಕ್ಷ ಕಳೆದು, ಉಳಿದ ಐದು ವರ್ಷಕ್ಕೆ ಹಂಚಿ: ವರ್ಷಕ್ಕೆ 1,02,825. ಬದಲಿಸಿದ್ದನ್ನೂ ಅದರ ಪರಿಣಾಮವನ್ನೂ ಆ ವರ್ಷದ ಲೆಕ್ಕಪತ್ರದ ಟಿಪ್ಪಣಿಯಲ್ಲಿ ಬರೆಸಿ. ತೆರಿಗೆಯ ಶೇ. 15ರ ಪಟ್ಟಿ ಬೇರೆ ಹಾಳೆಯಲ್ಲಿ ತನ್ನ ಪಾಡಿಗೆ ಮುಂದುವರಿಯಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಮೇಲೆ ಪ್ರತಿ ಮಾರ್ಚ್ ಕೊನೆಗೆ ಯಂತ್ರ ನೋಡಿಕೊಳ್ಳುವವರನ್ನು ಕರೆದು ಇನ್ನೆಷ್ಟು ವರ್ಷ ಎಂದು ಕೇಳಿ. ಎರಡು ವರ್ಷ ಕಳೆದು ಪುಸ್ತಕದಲ್ಲಿ 4,08,475 ಇರುವಾಗ ಅವರು 'ಮೂರಲ್ಲ, ಎರಡೇ ವರ್ಷ' ಎಂದರೆ, ಗುಜರಿಯ 1 ಲಕ್ಷ ಕಳೆದು ಎರಡರಿಂದ ಭಾಗಿಸಿ. ವರ್ಷಕ್ಕೆ 1,54,238 ಆಗುತ್ತದೆ, ಕತ್ತರಿಸುವ ಕೂಲಿಯ ದರದಲ್ಲೂ ಕಿಲೋಗೆ 1 ರೂಪಾಯಿ 3 ಪೈಸೆ ಸವಕಳಿ ಎಂದು ಹಿಡಿಯಿರಿ.